ಹಾಲಿಗೆ ಹಾಲು ಬೆರೆಸಿದರೆ

ಅವತ್ತು ಪಡಸಾಲೆಯಲ್ಲಿ ಕಾಕಾ ನನ್ನನ್ನು ನೇರವಾಗಿ ಕೇಳಿದರು. ಉತ್ತರ ನನಗೆ ಗೊತ್ತಿತ್ತು. ಗೊತ್ತಿಲ್ಲ ಅಂದೆ. ಬಾಯಿ ತೆರೆದು ನಾಲ್ಕು ಮಾತು ಹೇಳಿದ್ದರೆ ಸಾಕಿತ್ತು, ಹೇಳಲಿಲ್ಲ. ನನ್ನ ತಮ್ಮನ ಹೆಂಡತಿ ಕೂಸನ್ನು ಎದೆಗವಚಿಕೊಂಡು ಬಾಗಿಲ ಹತ್ತಿರ ನಿಂತಿದ್ದಳು. ನಾನು ಅವಳ ಕಡೆ ನೋಡದೆ ಸೆರಗಿನ ದಾರ ಕೀಳುತ್ತಾ ಕೂತಿದ್ದೆ. ಇದನ್ನು ಬರೆಯುವಾಗಲೂ ಆ ದಾರವೇ ಮೊದಲು ಕಣ್ಣಿಗೆ ಬರುತ್ತದೆ.

ನಮ್ಮದು ಕೊಳಕೂರ. ನಮ್ಮ ಕಡೆ ಬೆಳ್ಳಗಿರುವವರನ್ನು ಕೆಂಪಗಿದ್ದಾರೆ ಅನ್ನುತ್ತಾರೆ. ಊರಿನವರು ನಮ್ಮ ಮನೆಯನ್ನು ಕೆಂಪನ್ನವರ ಮನೆ ಅಂತಲೇ ಕರೆಯುವುದು. ಅಪ್ಪ ಕೆಂಪು, ಅವ್ವ ಕೆಂಪು, ತಮ್ಮ ಕೆಂಪು. ನಾನೊಬ್ಬಳೇ ಎರೆಮಣ್ಣಿನ ಬಣ್ಣ. ಅದಕ್ಕೆ ಅವ್ವನ ಹತ್ತಿರ ಕಾರಣ ತಯಾರಿತ್ತು: "ಇಕಿ ಹೊಟ್ಟ್ಯಾಗಿದ್ದಾಗ ಗುರೆಳ್ಳು ಹಿಂಡಿ ಭಾಳ ತಿಂದೆ. ಅದರ ಬಣ್ಣ ಹತ್ತೇತಿ." ತಮ್ಮ ಹೊಟ್ಟೆಯಲ್ಲಿದ್ದಾಗ ಮನೆಯೊಳಗೆ ಗುರೆಳ್ಳು ಹುರಿಯಲಿಕ್ಕೂ ಬಿಡಲಿಲ್ಲವಂತೆ. ಬಂದವರಿಗೆಲ್ಲ ಅವ್ವ ಈ ಕತೆ ಹೇಳುವಳು. ಅವರು ನಗುವರು. ನಾನು ಚಹಾ ತಂದಿಡುವೆ. ರೊಟ್ಟಿಗೆ ಹಚ್ಚಿಕೊಳ್ಳುವ ಆ ಕಪ್ಪು ಚಟ್ನಿಪುಡಿ, ಗುರೆಳ್ಳು ಹಿಂಡಿಯನ್ನು, ನಾನು ಇವತ್ತಿಗೂ ತಿನ್ನುವುದಿಲ್ಲ.

ಅವ್ವ ಕೆಟ್ಟವಳಲ್ಲ. ದಿನಾ ಲಿಂಗಪೂಜೆ ಮಾಡದೆ ನೀರು ಕುಡಿದವಳಲ್ಲ. ಕುಲ ಕೇಳಬಾರದು ಅಂತ ಶರಣರು ಹೇಳಿದ್ದನ್ನು ಬಾಯಿಪಾಠವಾಗಿ ಹೇಳುವಳು. ಬಣ್ಣ ಕೇಳಬಾರದು ಅಂತ ಎಲ್ಲೂ ಹೇಳಿಲ್ಲವಲ್ಲ ಅಂತ ಅವಳ ಲೆಕ್ಕವೋ ಏನೋ.

ನನ್ನನ್ನು ಎಂಟನೇ ಇಯತ್ತೆಗೆ ಶಾಲೆ ಬಿಡಿಸಿದರು. ಬಣ್ಣದ ದೆಸೆಯಿಂದ ಗಂಡು ಸಿಗುವುದು ತಡವಾಗಿ, ಕೊನೆಗೆ ಅದೇ ಊರಿನಲ್ಲಿ, ಮೊದಲ ಹೆಂಡತಿ ಸತ್ತವನಿಗೆ ಕೊಟ್ಟರು. ಮುಂದೆ ಊರಿಗೆ ಆಶಾ ಕಾರ್ಯಕರ್ತೆ ಬೇಕಾದಾಗ ನನ್ನ ಎಂಟನೇ ಇಯತ್ತೆಯೇ ಕೆಲಸಕ್ಕೆ ಬಂತು. ಬಸಿರು ಹೆಂಗಸರ ಮನೆಗೆ ಹೋಗಿ ಕಬ್ಬಿಣದ ಗುಳಿಗೆ ಕೊಡುವುದು, ಹೆರಿಗೆಗೆ ಜೇವರ್ಗಿ ದವಾಖಾನೆಗೆ ಕರೆದುಕೊಂಡು ಹೋಗುವುದು. ಗುಳಿಗೆ ತಿಂದರೆ ಕೂಸು ಕರ್ರಗಾಗುತ್ತದೆ ಅಂತ ಗಟಾರಕ್ಕೆ ಎಸೆಯುವವರಿಗೆ, "ಹಂಗೇನೂ ಆಗೂದಿಲ್ರಿ, ರಕ್ತ ಆಗ್ತದ ಅಷ್ಟೇ" ಅಂತ ಬುದ್ಧಿ ಹೇಳುವುದು ನನ್ನ ದಿನದ ಕೆಲಸ. ನನಗೆ ಯಾರೂ ಬುದ್ಧಿ ಹೇಳಿರಲಿಲ್ಲ.

ತಮ್ಮ ಸೈನ್ಯದಲ್ಲಿ ಲಾರಿ ಡ್ರೈವರ್. ಈಶಾನ್ಯದ ಬೆಟ್ಟದ ಕಡೆ ಇದ್ದಾಗ ಅಲ್ಲಿಯ ಹುಡುಗಿಯನ್ನು ಮದುವೆಯಾಗಿ ಕರೆದುಕೊಂಡು ಬಂದ. ಮನೆಯಲ್ಲಿ ಜಗಳವಾಗುತ್ತದೆ ಅಂದುಕೊಂಡಿದ್ದೆ. ಅವ್ವ ಅವಳನ್ನು ಮೇಲಿಂದ ಕೆಳಗೆ ನೋಡಿ, "ಮೂಗು ಸಪಾಟ ಅದ, ಇರ್ಲಿ. ಬಣ್ಣ ನೋಡು, ಬೆಣ್ಣಿ ಆಗ್ಯಾದ" ಅಂದಳು. ಮುಗಿಯಿತು. ಬೇರೆ ಜಾತಿ, ಬೇರೆ ಭಾಷೆ, ಬೇರೆ ಊಟ ಎಲ್ಲವೂ ಆ ಬೆಣ್ಣೆಯಲ್ಲಿ ಕರಗಿಹೋಯಿತು. ಓಣಿಯವರಿಗೆ ಸೊಸೆಯನ್ನು ತೋರಿಸುತ್ತಾ, "ಹಾಲಿಗೆ ಹಾಲು ಬೆರೆಸಿದ್ರ ಹಾಲೇ ಅಲ್ಲೇನು? ಮೊಮ್ಮಕ್ಕಳು ಹೆಂಗ ಇರ್ತಾವ ನೋಡ್ರಿ" ಅನ್ನುವಳು.

ಹುಡುಗಿ ನನ್ನನ್ನು ಅಕ್ಕಾ ಅನ್ನುತ್ತಿದ್ದಳು. ರೊಟ್ಟಿ ಬಡಿಯುವುದನ್ನೂ ನಮ್ಮ ಮಾತನ್ನೂ ನನ್ನಿಂದಲೇ ಕಲಿತಳು. ಮೊದಮೊದಲು ಅವಳ ರೊಟ್ಟಿ ಭಾರತದ ನಕಾಶೆಯ ಹಾಗೆ ಆಗುತ್ತಿತ್ತು. "ಇದ್ರಾಗ ನಿಮ್ಮೂರು ಎಲ್ಲದ ತೋರ್ಸು" ಅಂದರೆ, ಕರಕಾದ ಮೂಲೆಗೆ ಬೆರಳಿಟ್ಟು, "ಇಲ್ಲಿ, ಹೊತ್ತಿದ್ದ ಜಾಗಾ" ಅಂತ ನಗುವಳು. ತಮ್ಮ ನೌಕರಿಗೆ ಹೋದ ಮೇಲೆ ಅವಳ ಜೊತೆ ಹಿಂದಿಯಲ್ಲಿ ಮಾತಾಡುವವರು ಊರಲ್ಲಿ ಒಬ್ಬರೇ, ಮೂಲೆಯ ಕಿರಾಣಿ ಅಂಗಡಿಯವ. ಸೊಲ್ಲಾಪುರದಲ್ಲಿ ಹಲವು ವರ್ಷ ಕೆಲಸ ಮಾಡಿ ಬಂದವನು. ನನಗಿಂತ ಕಪ್ಪು. ಸಕ್ಕರೆ ತರಲು ಹೋದವಳು ಸ್ವಲ್ಪ ಹೊತ್ತು ನಿಂತು ಮಾತಾಡಿ ಬರುವಳು. ಆಗ ಯಾರೂ ಏನೂ ಅನ್ನಲಿಲ್ಲ.

ತಮ್ಮ ರಜೆಗೆ ಬಂದು ಹೋದ. ಅವಳು ಬಸಿರಾದಳು. ಅವ್ವ ಕೇಸರಿ ತರಿಸಿ ಹಾಲಿಗೆ ಹಾಕಿ ಕುಡಿಸಿದಳು. ನಾನು ಕಬ್ಬಿಣದ ಗುಳಿಗೆ ನುಂಗಿಸಿದೆ. ಜೇವರ್ಗಿ ದವಾಖಾನೆಯಲ್ಲಿ ಹೆಣ್ಣು ಕೂಸಾಯಿತು. ಹುಟ್ಟಿದಾಗ ಎಲ್ಲ ಕೂಸುಗಳ ಹಾಗೆ ಕೆಂಪಗೇ ಇತ್ತು. ಆದರೆ ನಮ್ಮಲ್ಲಿ ಕೂಸಿನ ಮುಖ ನೋಡಿ ಬಣ್ಣ ಹೇಳುವುದಿಲ್ಲ, ಕಿವಿ ನೋಡುತ್ತೇವೆ. ಕಿವಿಯ ಅಂಚು ಯಾವ ಬಣ್ಣವೋ ಮುಂದೆ ಮೈ ಅದೇ ಬಣ್ಣ. ನರ್ಸಮ್ಮ ಕೂಸನ್ನು ನನ್ನ ಕೈಗೆ ಕೊಟ್ಟಳು. ನಾನು ಟೊಪ್ಪಿಗೆ ಸರಿಸಿ ಕಿವಿ ನೋಡಿದೆ. ಅಂಚು ಕಪ್ಪಗಿತ್ತು, ಉಗುರಿನ ಬುಡವೂ ಕಪ್ಪು.

ನನ್ನ ಬಾಯಿಂದ ಬಂದ ಮೊದಲ ಮಾತು: "ಇದು ಯಾರ ಮನಿ ಕೂಸು ಬೇ?"

ಚ್ಯಾಷ್ಟಿಗೆ ಅಂದದ್ದು ಅಂತ ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಚ್ಯಾಷ್ಟಿಯಲ್ಲ. ನಲವತ್ತರ ಹತ್ತಿರ ಬಂದಿದ್ದೆ. ಇಷ್ಟು ವರ್ಷ ಆ ಮನೆಯಲ್ಲಿ ನನಗೆ ಕೇಳಿದ ಮಾತನ್ನು ಮೊದಲ ಸಲ ಬೇರೆಯವರಿಗೆ ಕೇಳುವ ಅವಕಾಶ ಸಿಕ್ಕಿತ್ತು. ಪಕ್ಕದ ಮಂಚದ ಬಾಣಂತಿಯ ತಾಯಿ ನಮ್ಮೂರಿನವಳೇ. ನಾವು ಮನೆ ಸೇರುವ ಮೊದಲೇ ನನ್ನ ಮಾತು ಓಣಿ ಸೇರಿತ್ತು.

ವಾರಗಳು ಕಳೆದ ಹಾಗೆ ಕೂಸು ಕಿವಿಯ ಮಾತು ಕೇಳಿತು. ಅವ್ವ ಕಡಲೆಹಿಟ್ಟು, ಹಾಲಿನ ಕೆನೆ ಹಚ್ಚಿ ತಿಕ್ಕಿದಳು. ಕೂಸಿನ ತೊಡೆಯ ಸಂದಿಯಲ್ಲಿ ಚರ್ಮ ಕಿತ್ತು ಬಂದಾಗ ಸೊಸೆ ಮೊದಲ ಸಲ ಎದುರು ಮಾತಾಡಿದಳು: "ಅತ್ತೀ, ಇದು ಹೊಲಸು ಅಲ್ಲ. ಬಣ್ಣ. ಹೋಗೂದಿಲ್ಲ." ಅವ್ವ ಹಿಟ್ಟಿನ ಕೈ ಕೊಡವಿ ಎದ್ದು, "ಬಣ್ಣ ಹೌದು ಯವ್ವಾ. ಯಾರದು ಅಂತ ಕೇಳಾಕತ್ತೇನಿ" ಅಂದಳು. ಅವತ್ತಿನಿಂದ ಸೊಸೆ ಸಕ್ಕರೆ ತರಲು ಹೋಗುವುದನ್ನು ಬಿಟ್ಟಳು. ಬಿಟ್ಟಿದ್ದೂ ತಪ್ಪಾಯಿತು. "ಈಗ್ಯಾಕ ಹೋಗವಲ್ಲಳು? ಕಳ್ಳನ ಮನಸು ಹುಳ್ಳುಳ್ಳಗ" ಅಂದರು.

ಆಗಲೇ ಊರಿಗೆ ಒಬ್ಬರು ಮೇಡಂ ಬಂದರು. ದೂರದ ಊರಿನ ಸಂಶೋಧನೆಯ ತಂಡ, ಜನರ ಚರ್ಮದ ಬಣ್ಣ ಯಾಕೆ ಬೇರೆ ಬೇರೆ ಅಂತ ನೋಡುವವರು. ಊರು ತೋರಿಸಲು, ಮನೆಯವರನ್ನು ಒಪ್ಪಿಸಲು ಆರೋಗ್ಯ ಕೇಂದ್ರದವರು ನನ್ನನ್ನು ಜೊತೆಗೆ ಹಾಕಿದರು. ಕೊಳಕೂರ ಮುಗಿಸಿ ಇಜೇರಿಗೂ ಹೋದೆವು. ಮೊದಲು ವಿಷಯ ತಿಳಿಸಿ ಒಪ್ಪಿಗೆ ಪಡೆಯುವರು, ಆಮೇಲೆ ಸಣ್ಣ ಕೊಳವೆಯಲ್ಲಿ ಎಂಜಲು ತೆಗೆದುಕೊಳ್ಳುವರು. ತೋಳಿನ ಒಳಮಗ್ಗುಲಿಗೆ ಒಂದು ಸಣ್ಣ ಯಂತ್ರ ಒತ್ತಿದರೆ ಬೆಳಕು ಚಕ್ ಅಂತ ಬಂದು ಹೋಗುತ್ತಿತ್ತು. ಎಷ್ಟು ಬೆಳಕು ಚರ್ಮದಿಂದ ತಿರುಗಿ ಬಂತು ಅಂತ ಅದು ಹೇಳುತ್ತದಂತೆ. ತೋಳಿನ ಒಳಗೇ ಯಾಕೆ ಅಂದರೆ ಅಲ್ಲಿ ಬಿಸಿಲು ಬೀಳುವುದಿಲ್ಲ, ಹುಟ್ಟಿದ ಬಣ್ಣ ಅಲ್ಲಿರುತ್ತದೆ. ಇಜೇರಿಯ ಮುದುಕನೊಬ್ಬ ತೋಳು ಚಾಚಿ, "ಎಷ್ಟ್ ಬಂತ್ರೀ ಮಾರ್ಕ್ಸ್? ಪಾಸೋ ನಪಾಸೋ?" ಅಂದ. ಮೇಡಂ, "ಇದರಲ್ಲಿ ನಪಾಸು ಇಲ್ಲ ಅಜ್ಜಾ" ಅಂದರು. ಮುದುಕ ನನ್ನ ಕಡೆ ತಿರುಗಿ, "ಹಂಗಾದ್ರ ಇಕಿದೂ ನೋಡ್ರಿ" ಅಂತ ನಕ್ಕ. ನಾನೂ ನಕ್ಕೆ. ನಮ್ಮಂಥವರು ನಗಲೇಬೇಕು.

ಮಧ್ಯಾಹ್ನ ಬುತ್ತಿ ಬಿಚ್ಚಲು ಕಾಲುವೆ ದಂಡೆಯ ಜಾಲಿ ಗಿಡದ ಕೆಳಗೆ ಕೂತೆವು. ನಾನು ಬೇರೆಯವರ ವಿಷಯದ ಹಾಗೆ ಕೇಳಿದೆ: "ಮೇಡಂ, ಒಂದು ಮನ್ಯಾಗ ಗಂಡ ಕೆಂಪು. ಹೆಣ್ತಿ ಆ ಪೂರ್ವದ ಬೆಟ್ಟದಾಕಿ, ಅಕಿನೂ ಕೆಂಪು. ಕೂಸು ಇಬ್ಬರಗಿಂತ ಕರ್ರಗ ಆಗ್ಯಾದ. ಹಿಂಗ ಆಗ್ತದೇನ್ರಿ?"

"ಖಂಡಿತ ಆಗಬಹುದು" ಅಂದರು. ಅಷ್ಟು ಸಲೀಸಾಗಿ ಅಂದದ್ದು ಕೇಳಿ ನನ್ನ ಕೈಯಲ್ಲಿದ್ದ ರೊಟ್ಟಿ ಕೈಯಲ್ಲೇ ಉಳಿಯಿತು.

ಅವರು ಹೇಳಿದ್ದನ್ನು ನನಗೆ ತಿಳಿದ ಹಾಗೆ ಬರೆಯುತ್ತೇನೆ. ಬಹಳ ಬಹಳ ಹಿಂದೆ ಆಫ್ರಿಕಾದಿಂದ ಹೊರಬಿದ್ದ ನಮ್ಮೆಲ್ಲರ ಹಿರಿಯರು ಹೆಚ್ಚಾಗಿ ಕಪ್ಪೇ ಇದ್ದರು. ಅವರಲ್ಲಿ ಕೆಲವರು ಬಿಸಿಲು ಸಣ್ಣಗಿರುವ ದೇಶಗಳಿಗೆ ಹೋದರು. ಮೈಗೆ ಬೇಕಾದ ಒಂದು ವಿಟಮಿನ್ ಚರ್ಮದಲ್ಲಿ ಬಿಸಿಲಿನಿಂದ ಆಗುತ್ತದೆ. ಅಲ್ಲಿ ಕಪ್ಪು ಕಡಿಮೆ ಇದ್ದವರಿಗೆ ಅನುಕೂಲವಾಗಿರಬೇಕು ಅಂತ ತಿಳಿದವರ ಅಂದಾಜು. ಪಶ್ಚಿಮಕ್ಕೆ ಇದ್ದವರಲ್ಲಿ ಒಂದು ಜೀನಿನಲ್ಲಿ ಒಂದೇ ಒಂದು ಅಕ್ಷರದಷ್ಟು ಬದಲಾವಣೆಯಾಯಿತು, ಬಣ್ಣ ತಿಳಿಯಾಯಿತು. ಪೂರ್ವಕ್ಕೆ ಹೋದವರಲ್ಲೂ ಬಣ್ಣ ತಿಳಿಯಾಯಿತು, ಆದರೆ ಅದು ಬೇರೆ ಜೀನುಗಳಲ್ಲಿ ಆದ ಬೇರೆ ಬದಲಾವಣೆ. ಇವರಿಂದ ಅವರು ಪಡೆದದ್ದಲ್ಲ, ಅವರಿಂದ ಇವರು ಪಡೆದದ್ದಲ್ಲ. ಪಶ್ಚಿಮದ ಬದಲಾವಣೆ ವಲಸೆ ಬಂದವರ ಜೊತೆ ಸಾವಿರಾರು ವರ್ಷದ ಹಿಂದೆ ನಮ್ಮ ಕಡೆಗೂ ಬಂದು ಬೆರೆತುಹೋಗಿದೆ. ಒಂದು ಜಾತಿಯಲ್ಲಿ ಹೆಚ್ಚು, ಒಂದರಲ್ಲಿ ಕಡಿಮೆ, ಆದರೆ ಯಾರ ಸೊತ್ತೂ ಅಲ್ಲ.

"ಎರಡೂ ಬೆಳ್ಳಗೆ ಕಂಡರೂ ಒಂದೇ ಅಲ್ಲ" ಅಂದವರು ಎದುರಿನ ಕಾಲುವೆ ತೋರಿಸಿದರು. "ಚರ್ಮದ ಕಪ್ಪು ಈ ನೀರು ಅಂದುಕೊಳ್ಳಿ, ನೀರು ಹೆಚ್ಚಿದಷ್ಟು ಕಪ್ಪು. ಮೇಲೊಂದು ಗೇಟು, ಕೆಳಗೊಂದು ಗೇಟು. ಪ್ರತಿ ಗೇಟಿಗೂ ಎರಡು ಹಲಗೆ, ಒಂದು ಅಪ್ಪ ಕೊಟ್ಟಿದ್ದು, ಒಂದು ಅಮ್ಮ ಕೊಟ್ಟಿದ್ದು. ಪಶ್ಚಿಮದ ಬೆಳ್ಳಗಿನವರಲ್ಲಿ ಮೇಲಿನ ಗೇಟಿನ ಹಲಗೆ ಇಳಿದಿದೆ. ಪೂರ್ವದವರಲ್ಲಿ ಕೆಳಗಿನ ಗೇಟಿನದು. ಪೂರ್ತಿ ಮುಚ್ಚಿಲ್ಲ, ಇಳಿದಿದೆ ಅಷ್ಟೇ. ಹೊಲಕ್ಕೆ ಬರುವ ನೀರು ಮಾತ್ರ ಎರಡೂ ಕಡೆ ಕಡಿಮೆಯೇ."

ನಾನು ತಲೆಯಾಡಿಸಿದೆ. ನೀರಿನ ಪಾಳಿ ಕಾಯ್ದವರಿಗೆ ಗೇಟಿನ ಮಾತು ಬಿಡಿಸಿ ಹೇಳಬೇಕಾಗಿಲ್ಲ.

"ಈಗ ಆ ಗಂಡನಿಗೆ ಮೇಲಿನ ಗೇಟಿನಲ್ಲಿ ಒಂದು ಹಲಗೆ ಇಳಿದಿದೆ, ಒಂದು ಎತ್ತಿದೆ ಅಂತಿಟ್ಟುಕೊಳ್ಳಿ. ಆ ಹಲಗೆ ದೊಡ್ಡದು, ಒಂದು ಇಳಿದರೂ ನೀರು ಸಾಕಷ್ಟು ತಗ್ಗುತ್ತದೆ. ಮಗುವಿಗೆ ಅವನು ಎತ್ತಿದ ಹಲಗೆ ಕೊಟ್ಟ. ಹೆಂಡತಿಯ ಮೇಲಿನ ಗೇಟು ಮೊದಲೇ ಎತ್ತಿದ್ದು. ಹಾಗಾಗಿ ಮಗುವಿನ ಮೇಲಿನ ಗೇಟು ಪೂರ್ತಿ ತೆರೆದಿದೆ. ಕೆಳಗಿನದರಲ್ಲಿ ತಾಯಿ ಕೊಟ್ಟ ಹಲಗೆ ಒಂದೇ ಇಳಿದಿದೆ, ಅಪ್ಪನದು ಎತ್ತಿದ್ದು. ನೀರು ಇಬ್ಬರಿಗಿಂತ ಜಾಸ್ತಿ ಬರುತ್ತೆ. ಇನ್ನೂ ಸಣ್ಣ ಸಣ್ಣ ಗೇಟುಗಳು ಬೇಕಾದಷ್ಟಿವೆ. ಅವರ ಎಂಜಲು ನೋಡದೆ ಹೀಗೇ ಆಗಿದೆ ಅಂತ ನಾನು ಹೇಳಲಾರೆ. ಆದರೆ ಮಗು ಕಪ್ಪು ಅನ್ನೋ ಒಂದೇ ಕಾರಣಕ್ಕೆ ತಾಯಿಯನ್ನು ಅನುಮಾನಿಸೋದು ಮೂರ್ಖತನ."

ಅನುಮಾನದ ಮಾತು ನಾನು ಎತ್ತಿರಲಿಲ್ಲ. ಅವರಿಗೆ ಅದು ತಾನಾಗಿಯೇ ತಿಳಿದಿತ್ತು. ಆಮೇಲೆ ಅವರು ಕೇಳಿದರು: "ಆ ಗಂಡನಿಗೆ ಕಪ್ಪಗಿರುವ ಅಕ್ಕತಂಗಿ, ಅಣ್ಣತಮ್ಮ ಯಾರಾದರೂ ಇದ್ದಾರಾ? ಅಪ್ಪ ಅಮ್ಮ ಬೆಳ್ಳಗಿದ್ದೂ ಒಬ್ಬರು ಕಪ್ಪಗಿದ್ದರೆ, ಆ ಮನೆಯಲ್ಲಿ ಎತ್ತಿದ ಹಲಗೆ ಇದೆ ಅನ್ನೋದಕ್ಕೆ ಅದೇ ಸುಳಿವು."

ನನ್ನ ಮೊಣಕೈ ನನ್ನ ಕಣ್ಣೆದುರಿಗೇ ಇತ್ತು. ಗುರೆಳ್ಳು ಅಲ್ಲ. ಅಪ್ಪನಿಂದ ಒಂದು ಎತ್ತಿದ ಹಲಗೆ, ಅವ್ವನಿಂದ ಒಂದು. ಇಷ್ಟು ವರ್ಷ ಯಾವುದನ್ನು ಮುಚ್ಚಿಕೊಂಡು ತಿರುಗಿದೆನೋ ಅದೇ ಆ ಕೂಸಿನ ಸಾಕ್ಷಿ.

"ಇಲ್ರಿ" ಅಂದೆ. "ಯಾರೂ ಇಲ್ಲ."

ಮೇಡಂ ನನ್ನ ಮುಖ ನೋಡಿ, "ಬೇಕಾದರೆ ಆ ಮನೆಗೆ ನಾನೇ ಬಂದು ಹೇಳ್ತೀನಿ" ಅಂದರು. ಬೇಡ, ಅವರು ಒರಟು ಮಂದಿ ಅಂದೆ. ನಮ್ಮ ಮನೆಯನ್ನೇ ಒರಟು ಅಂದೆ.

ಯಾಕೆ ಅಂತ ಬಹಳ ಯೋಚಿಸಿದ್ದೇನೆ. ಎಂಟನೇ ಇಯತ್ತೆಯವಳ ಮಾತು ಯಾರು ನಂಬುತ್ತಾರೆ ಅಂತ ಒಂದು ನೆಪ. ಆ ಮೇಡಂ ಚಹಾ ಕುಡಿಸಿ ನಿನಗೆ ಕಲಿಸಿ ಕಳಿಸಿದ್ದಾರೆ ಅಂತಾಳೆ ಅವ್ವ ಅಂತ ಇನ್ನೊಂದು. ಇವೆಲ್ಲ ಸುಳ್ಳು. ನಿಜ ಇಷ್ಟೇ: ಆ ಕೂಸು ಬಂದ ಮೇಲೆ ಅವ್ವ ನನ್ನ ಗುರೆಳ್ಳು ಕತೆ ಹೇಳುವುದನ್ನು ಬಿಟ್ಟಿದ್ದಳು. ಪಡಸಾಲೆಯಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ಸೊಸೆಯ ಮೇಲೆ ಚಾಡಿ ಹೇಳುತ್ತಿದ್ದಳು. ತಾಯಿಯ ಪಕ್ಕ ಕೂರುವುದು ಎಷ್ಟು ಬೆಚ್ಚಗಿರುತ್ತದೆ ಅಂತ ನನಗೆ ಆವರೆಗೆ ಗೊತ್ತಿರಲಿಲ್ಲ. ಆ ಜಾಗ ಬಿಡಲು ಮನಸ್ಸಾಗಲಿಲ್ಲ. ಅದರ ಬೆಲೆ ಕೊಟ್ಟಿದ್ದು ಬೇರೆಯವರು.

ತಮ್ಮ ಮತ್ತೆ ರಜೆಗೆ ಬಂದಾಗ, ಅಪ್ಪ ತೀರಿಕೊಂಡ ಮೇಲೆ ಮನೆಯ ಯಜಮಾನಿಕೆ ನೋಡುತ್ತಿದ್ದ ಕಾಕಾ ಮತ್ತು ಇಬ್ಬರು ಹಿರಿಯರು ಪಡಸಾಲೆಯಲ್ಲಿ ಸೇರಿದರು. ತಮ್ಮ ಗೋಡೆಗೆ ಒರಗಿ ಕೂತಿದ್ದ. ಹೆಂಡತಿಯ ಪರ ಒಂದು ಮಾತಾಡಲಿಲ್ಲ, ವಿರುದ್ಧವೂ ಆಡಲಿಲ್ಲ. ಅವ್ವ ಹಾಲಿನ ಮಾತು ಎತ್ತಿದಳು: "ಹಾಲಿಗೆ ಹಾಲು ಬೆರೆಸಿದ್ರ ಮಸಿ ಹೆಂಗ ಬಂತು? ಹೇಳ್ರಿ ನೀವೇ."

ಕಾಕಾ ನನ್ನ ಕಡೆ ತಿರುಗಿದರು. "ನೀ ದವಾಖಾನಿ ಬಲ್ಲಾಕಿ. ದಿನಾ ಡಾಕ್ಟರ್ ಮಂದಿ ಕೂಡ ತಿರುಗಾಕಿ. ಖರೇ ಹೇಳು, ಹಿಂಗ ಆಗೂದು ಅದ ಏನು?"

ತಮ್ಮ ತಲೆ ಎತ್ತಿದ. ಬಾಗಿಲ ಹತ್ತಿರ ಅವಳೂ ತಲೆ ಎತ್ತಿದಳು. ಆ ಮನೆಯಲ್ಲಿ ಅವಳು ನಂಬಿದ್ದು ನನ್ನನ್ನೊಬ್ಬಳನ್ನೇ.

"ನನಗೇನ್ ಗೊತ್ತದ ಕಾಕಾ. ನಾ ಎಂಟನೇತ್ತ ಓದಿದಾಕಿ" ಅಂದೆ.

ಅವಳು ನನ್ನನ್ನೇ ನೋಡಿದಳು. ಆಮೇಲೆ ತಮ್ಮನಿಗೆ ಹೇಳಿದಳು: "ರಕ್ತ ಟೆಸ್ಟ್ ಮಾಡ್ಸು. ನೀನು ಕೇಳೂಕಿಂತ ಮೊದಲು ನಾನೇ ಕೇಳಾಕತ್ತೇನಿ. ಆದರೆ ರಿಪೋರ್ಟ್ ಬರೋ ದಿನ ನಾನು ಈ ಮನ್ಯಾಗ ಇರೂದಿಲ್ಲ." ಕಲಬುರಗಿಗೆ ಹೋಗಿ ಡಿಎನ್ಎ ಟೆಸ್ಟಿಗೆ ಮೂವರ ರಕ್ತ ಕೊಟ್ಟು, ಅಲ್ಲಿಂದಲೇ ಕೂಸನ್ನು ಕರೆದುಕೊಂಡು ತನ್ನ ಬೆಟ್ಟಕ್ಕೆ ಹೋದಳು. ತಂದೆ ನನ್ನ ತಮ್ಮನೇ ಅಂತ ರಿಪೋರ್ಟ್ ಬಂತು. ಅವ್ವ, "ಹಂಗಾದ್ರ ಬರ್ಲಿ ಬಿಡು" ಅಂದಳು, ನೆಂಟರನ್ನು ಊಟಕ್ಕೆ ಕರೆದ ಹಾಗೆ. ಅವಳು ಬರಲಿಲ್ಲ. ತಮ್ಮ ಬೇಡಿ ಬೇಡಿ ಆ ಕಡೆಗೇ ವರ್ಗ ಮಾಡಿಸಿಕೊಂಡ. ಅಂಗಡಿಯವ ಅಂಗಡಿ ಮುಚ್ಚಿ ಸೊಲ್ಲಾಪುರಕ್ಕೆ ವಾಪಸ್ ಹೋದ. ಅವನಿಗಂತೂ ಯಾರೂ ರಿಪೋರ್ಟ್ ತೋರಿಸಲಿಲ್ಲ. ಅವ್ವ ಮತ್ತೆ ಗುರೆಳ್ಳು ಕತೆ ಶುರುಮಾಡಿದಳು.

ಹೋದ ಬೇಸಿಗೆಯಲ್ಲಿ ತಮ್ಮ ಫೋನ್ ಮಾಡಿದ. ಮಗಳನ್ನು ಶಾಲೆಗೆ ಹಾಕಬೇಕು, ಜನನ ದಾಖಲೆ ತೆಗೆಸಲು ಜೇವರ್ಗಿಗೆ ಬರುತ್ತಿದ್ದೇವೆ ಅಂದ. "ಊರಿಗೆ ಬರೂದಿಲ್ಲಕ್ಕಾ. ಅಕಿ ಒಲ್ಲೆ ಅಂದಾಳ." ನಾನು ಬಸ್ಸು ಹಿಡಿದು ಜೇವರ್ಗಿಗೆ ಹೋದೆ. ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ತಾಯಿ ಮಗಳು ಇಬ್ಬರೇ ಇದ್ದರು. ತಮ್ಮ ಕಚೇರಿ ಕಡೆ ಹೋಗಿದ್ದ. ಹೋಟೆಲಿನಲ್ಲಿ ನಮ್ಮೂರಿನ ನಾಲ್ಕಾರು ಮಂದಿ ಸಂತೆಗೆ ಬಂದವರು ಮಂಡಕ್ಕಿ ಸೂಸಲಾ ತಿನ್ನುತ್ತಾ ಕೂತಿದ್ದರು. ಎಲ್ಲರೂ ಅವಳನ್ನು ಗುರುತು ಹಿಡಿದು, ಗುರುತು ಹಿಡಿಯದವರ ಹಾಗೆ ತಿನ್ನುತ್ತಿದ್ದರು.

ಅವಳ ಮಗಳು, ಅಂದಿನ ಆ ಕೂಸು, ನನ್ನನ್ನು ನೋಡಿ ಎದ್ದು ಬಂದಳು. ನನ್ನ ಕೈ ಹಿಡಿದು, ತನ್ನ ಕೈಯನ್ನು ಅದರ ಪಕ್ಕ ಇಟ್ಟು ನೋಡಿದಳು. ನನ್ನದು ತುಸು ಹೆಚ್ಚು ಕಪ್ಪು. ಆದರೆ ಅವಳಿಗೆ ಅಷ್ಟು ಸಾಕಿತ್ತು. ತಾಯಿಯ ಕಡೆ ತಿರುಗಿ ಅವರ ಭಾಷೆಯಲ್ಲಿ ಏನೋ ಖುಷಿಯಿಂದ ಹೇಳಿದಳು.

"ಏನಂತಾಳ?" ಅಂದೆ.

"ತನ್ನ ಹಂಗ ಇರೋರು ಸಿಕ್ಕರು ಅಂತಾಳ" ಅಂದಳು ಅವಳು. ನಗಲಿಲ್ಲ. "ಕೂಡ್ರಿ" ಅಂದಳು. ಅಕ್ಕಾ ಅನ್ನಲಿಲ್ಲ.

ನಾನು ತಗ್ಗಿದ ದನಿಯಲ್ಲಿ ಎಲ್ಲ ಹೇಳಿದೆ. ಕಾಲುವೆ, ಗೇಟು, ಹಲಗೆ, ಮೇಡಂ ಕೇಳಿದ್ದು, ನಾನು ಯಾರೂ ಇಲ್ಲ ಅಂದದ್ದು, ಎಲ್ಲ. ಅವಳು ತಣ್ಣಗಾದ ಚಹಾದ ಮೇಲೆ ಕಟ್ಟಿದ ಕೆನೆಯನ್ನು ಚಮಚದಿಂದ ಸರಿಸುತ್ತಾ ಕೇಳಿದಳು.

"ಟೆಸ್ಟಿಗಿಂತ ಮೊದಲೇ ಗೊತ್ತಿತ್ತು ನಿಮಗ?"

"ಗೊತ್ತಿತ್ತು."

"ನನಗ ಒಬ್ಬಾಕಿಗಾದ್ರೂ ಹೇಳಬಹುದಿತ್ತು. ನನಗೂ ಗೊತ್ತಿರಲಿಲ್ಲ, ಯಾಕ ಹಿಂಗಾತು ಅಂತ. ನಾನು ತಪ್ಪು ಮಾಡಿಲ್ಲ ಅಂತ ಗೊತ್ತಿತ್ತು, ಆದ್ರೂ ಕೂಸಿನ ಮುಖ ನೋಡಿ ದಿನಾ ಹೆದರತಿದ್ದೆ. ದವಾಖಾನ್ಯಾಗ ಅದಲುಬದಲು ಆಗ್ಯಾದೇನು ಅಂತ. ನನ್ನ ಕೂಸನ್ನ ನಾನೇ ಬ್ಯಾರೆಯವರ ಕೂಸಿನ ಹಂಗ ನೋಡಿದೆ." ಚಮಚ ಕೆಳಗಿಟ್ಟಳು. "ಯಾರ ಮನಿ ಕೂಸು ಅಂತ ದವಾಖಾನ್ಯಾಗ ಜೋರಾಗಿ ಕೇಳಿದ್ರಿ. ಈಗ ಯಾಕ ಸಣ್ಣ ದನಿಯಾಗ ಹೇಳಾಕತ್ತೀರಿ?"

ಸೂಸಲಾ ತಿನ್ನುವವರ ಕೈಗಳು ನಿಂತಿದ್ದವು. ನಾನು ಎದ್ದು ನಿಂತೆ. ಸೆರಗು ಸರಿಸಿ ತೋಳು ಹೊರಗೆ ತೆಗೆದೆ. ಹುಡುಗಿ ಅದನ್ನು ಇನ್ನೂ ಹಿಡಿದುಕೊಂಡೇ ಇದ್ದಳು. ನನ್ನ ದನಿ ನನಗೇ ಗುರುತು ಸಿಗದಷ್ಟು ಜೋರಾಗಿ ಬಂತು.

"ಇದು ನಮ್ಮ ಮನಿ ಕೂಸು. ಇದರ ಬಣ್ಣ ನಮ್ಮ ಮನೀದು, ನಂದು. ನನಗ ಮೊದಲೇ ಗೊತ್ತಿತ್ತು, ಗೊತ್ತಿಲ್ಲ ಅಂತ ಸುಳ್ಳ ಹೇಳಿದೆ. ನಿನ್ನದೇನೂ ತಪ್ಪಿರಲಿಲ್ಲ ತಂಗಿ. ತಪ್ಪು ನಂದು. ನಂದು ತಪ್ಪಾತು."